ದೇವಸ್ಥಾನ, ಚರ್ಚ್, ಮಸೀದಿ ಸಮಿತಿಗಳ ತೌಲನಿಕ ಅಧ್ಯಯನ: "ಇವನ್ನೇ ಯಾಕೆ ಆರಿಸಿದಿರಿ?" ಅಂದರೆ ಏನು ಬರೆಯೋದು?

ಸಿನಾಪ್ಸಿಸ್_ಸುಸ್ತು

ಪಿಎಚ್.ಡಿ. ಸಿನಾಪ್ಸಿಸ್ ವಾಪಸ್ ಬಂದಿದೆ. ವಿಷಯ: ಬೆಂಗಳೂರಿನ ದೇವಸ್ಥಾನ, ಚರ್ಚ್ ಮತ್ತು ಮಸೀದಿ ಸಮಿತಿಗಳ ಆಡಳಿತ. ಆರಿಸಿಕೊಂಡಿದ್ದು ಮೂರು. ಮುಜರಾಯಿಯ ಎ ಗುಂಪಿನ, ಅಂದರೆ ಹೆಚ್ಚು ಆದಾಯದ ಒಂದು ದೇವಸ್ಥಾನ, ಒಂದು ಕ್ಯಾಥೊಲಿಕ್ ಧರ್ಮಕೇಂದ್ರ, ವಕ್ಫ್ ಬೋರ್ಡಿನಲ್ಲಿ ನೋಂದಣಿಯಾದ ಒಂದು ಮಸೀದಿ. ಮೂರೂ ಶಿವಾಜಿನಗರ, ಹಲಸೂರು ಸುತ್ತಮುತ್ತಲಿನವೇ. "ಒಂದೇ ಪ್ರದೇಶ, ಹಳೆಯ ಸಂಸ್ಥೆಗಳು, ಮಾಹಿತಿ ಲಭ್ಯ" ಅಂತ ಕಾರಣ ಕೊಟ್ಟಿದ್ದೆ. ಪಿಎಚ್.ಡಿ. ಕಮಿಟಿಯವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: "ಇವೇ ಯಾಕೆ? ಬೇರೆ ಮೂರು ತಗೊಂಡರೆ ಉತ್ತರ ಬದಲಾಗುತ್ತದೆಯೇ?"

ನನ್ನ ಮೂಲ ಪ್ರಶ್ನೆ, ಸಮಿತಿಯ ರಚನೆ ಆಸ್ತಿ ಕುರಿತ ತೀರ್ಮಾನಗಳ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಅನ್ನೋದು. ಈ ಆಯ್ಕೆಯನ್ನು ಸಮರ್ಥಿಸಿಕೊಳ್ಳೋದು ಹೇಗೆ? ಇಲ್ಲಾ ಆಯ್ಕೆಯನ್ನೇ ಬದಲಿಸಬೇಕಾ?

ಮಾವಳ್ಳಿ_ಮಾತು

"ಮಾಹಿತಿ ಲಭ್ಯ" ಅನ್ನೋದನ್ನ ಮೊದಲು ತೆಗೀರಿ ಗುರು. ಅದನ್ನ ನೋಡಿಯೇ ಕೆಂಪು ಶಾಯಿ ತೆಗೆದಿರ್ತಾರೆ.

ತರಗತಿ_ಕೊನೆಬೆಂಚು

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಅತಿ ಹೆಚ್ಚು ಸಾಮ್ಯವಿರುವ ಪ್ರಕರಣಗಳ ವಿನ್ಯಾಸ ಅಂತ ಬರೆಯಿರಿ. ಪ್ರದೇಶ ಒಂದೇ, ವಯಸ್ಸು ಹತ್ತಿರ, ಆದಾಯ ಹತ್ತಿರ. ಧರ್ಮ ಮಾತ್ರ ಬೇರೆ. ಹಾಗಾಗಿ ಆಡಳಿತದಲ್ಲಿ ಕಾಣೋ ವ್ಯತ್ಯಾಸಕ್ಕೆ ಧರ್ಮವೇ ಕಾರಣ ಅಂತ ವಾದಿಸಬಹುದು. ಅರ್ಧ ಪುಟ ಸಾಕು.

ಕಡತಪ್ರಿಯೆ

@ತರಗತಿ_ಕೊನೆಬೆಂಚು "ಧರ್ಮ ಮಾತ್ರ ಬೇರೆ" ಅನ್ನೋದೇ ಇಲ್ಲಿ ನಿಲ್ಲಲ್ಲ. ದೇವಸ್ಥಾನಕ್ಕೆ 1997ರ ಧಾರ್ಮಿಕ ದತ್ತಿ ಕಾಯ್ದೆ. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ, ಅದರಲ್ಲಿ ಅರ್ಚಕರು ಒಬ್ಬರು, ಇಬ್ಬರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಕನಿಷ್ಠ ಒಬ್ಬರು, ಸ್ಥಳೀಯರು ಒಬ್ಬರು. ಅವಧಿ ಮೂರು ವರ್ಷ, ನೇಮಿಸೋದು ಧಾರ್ಮಿಕ ಪರಿಷತ್ತು. ಮಸೀದಿಗೆ 1995ರ ವಕ್ಫ್ ಕಾಯ್ದೆ. ಕ್ಯಾಥೊಲಿಕ್ ಧರ್ಮಕೇಂದ್ರಕ್ಕೆ ಇಂಥ ಪ್ರತ್ಯೇಕ ಸರ್ಕಾರಿ ಕಾಯ್ದೆಯೇ ಇಲ್ಲ, ಅದು ನಡೆಯೋದು 1983ರ ಚರ್ಚ್ ಕಾನೂನಿನ ಪ್ರಕಾರ.

ಅಂದರೆ ಧರ್ಮ ಬದಲಾದಾಗಲೆಲ್ಲ ಕಾನೂನೂ ಬದಲಾಗುತ್ತಿದೆ, ನೇಮಿಸುವವರೂ ಬದಲಾಗುತ್ತಿದ್ದಾರೆ. ಮೂರು ಸಂಸ್ಥೆ, ಒಟ್ಟಿಗೇ ಬದಲಾಗೋ ಮೂರು ಅಂಶ. ದೇವಸ್ಥಾನದ ಸಮಿತಿ ನಿಧಾನ ಅಂತ ಕಂಡರೆ ಅದು ಸಂಪ್ರದಾಯದಿಂದಲೋ, ಕಾಯ್ದೆಯಿಂದಲೋ, ನೇಮಕವಾದ ಸದಸ್ಯರಿಗೆ ಭಕ್ತರ ಹಂಗಿಲ್ಲದ್ದರಿಂದಲೋ? ಮೂರು ವರ್ಷ ಕ್ಷೇತ್ರಕಾರ್ಯ ಮಾಡಿದರೂ ಬೇರ್ಪಡಿಸಕ್ಕಾಗಲ್ಲ. ಕಮಿಟಿಯವರು ಕೇಳಿದ್ದು ಇದನ್ನೇ.

ಸಿನಾಪ್ಸಿಸ್_ಸುಸ್ತು

ಮೇಡಂ, ಹಾಗಾದ್ರೆ ಏನು ಮಾಡಲಿ? ಒಂದೇ ಧರ್ಮಕ್ಕೆ ಸೀಮಿತ ಮಾಡಿದರೆ ವಿಷಯವೇ ಹೋಗುತ್ತಲ್ಲ.

ಕಡತಪ್ರಿಯೆ

ಸೀಮಿತ ಮಾಡಬೇಡಿ, ಪ್ರತಿ ಧರ್ಮದೊಳಗೂ ಒಂದು ಜೋಡಿ ಮಾಡಿ. ಒಟ್ಟು ಆರು. ಜೋಡಿಯಲ್ಲಿ ಒಂದು ಕಡೆ ಸಮಿತಿ ಮೇಲಿನಿಂದ ಬರಬೇಕು, ಇನ್ನೊಂದು ಕಡೆ ಸದಸ್ಯರ ಚುನಾವಣೆಯಿಂದ ಬರಬೇಕು.

ದೇವಸ್ಥಾನದಲ್ಲಿ ಮುಜರಾಯಿ ಸಮಿತಿ ಒಂದು ಕಡೆ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸದಸ್ಯರು ಮತ ಹಾಕುವ ಸಂಘದ ದೇವಸ್ಥಾನ ಇನ್ನೊಂದು ಕಡೆ. ಚರ್ಚಿನಲ್ಲಿ ಕ್ಯಾಥೊಲಿಕ್ ಧರ್ಮಕೇಂದ್ರ ಒಂದು ಕಡೆ. ಅಲ್ಲಿ ಹಣಕಾಸು ಸಮಿತಿ ಕಡ್ಡಾಯವೇ ಆದರೂ ಪಾಲನಾ ಸಮಿತಿ ಸಲಹೆ ಕೊಡಬಹುದು ಅಷ್ಟೆ, ಕೊನೆಯ ಮಾತು ಗುರುಗಳದ್ದು. ಇನ್ನೊಂದು ಕಡೆ ಸಿಎಸ್ಐ, ಅಂದರೆ ಪ್ರೊಟೆಸ್ಟಂಟರ ಚರ್ಚ್ ಆಫ್ ಸೌತ್ ಇಂಡಿಯಾ. ಅಲ್ಲಿ ಸಭೆಯ ಸದಸ್ಯರು ಪಾಸ್ಟರೇಟ್ ಕಮಿಟಿಗೆ ಮತ ಹಾಕುತ್ತಾರೆ, ಸಭಾಪಾಲಕರನ್ನು ಮಾತ್ರ ಡಯಾಸಿಸ್ ಕಳಿಸುತ್ತದೆ. ಮಸೀದಿಯಲ್ಲಿ ಬೋರ್ಡು ನೇಮಿಸಿದ ಆಡಳಿತಗಾರರಿರುವ ಮಸೀದಿ ಒಂದು, ಜಮಾತ್ ಚುನಾಯಿಸಿ ಬೋರ್ಡು ಅನುಮೋದಿಸಿದ ಸಮಿತಿಯ ಮಸೀದಿ ಇನ್ನೊಂದು.

ಮೂರೂ ಜೋಡಿಯಲ್ಲಿ ವ್ಯತ್ಯಾಸ ಒಂದೇ ದಿಕ್ಕಿನಲ್ಲಿದ್ದರೆ ನೇಮಕದ ರೀತಿಗೆ ಬಲ ಬರುತ್ತದೆ. ಒಂದೊಂದು ಜೋಡಿ ಒಂದೊಂದು ಕಡೆ ತಿರುಗಿದರೆ ಕಾನೂನು, ಸಂಪ್ರದಾಯದ ಕಡೆ ನೋಡಬೇಕಾಗುತ್ತದೆ. "ಬೇರೆ ಮೂರು ತಗೊಂಡರೆ ಏನಾಗುತ್ತೆ" ಅನ್ನೋ ಪ್ರಶ್ನೆಗೆ ಆಗ ಉತ್ತರ ಇರುತ್ತದೆ.

ರಾಜಾಜಿನಗರ_ರಾಯರು

ಇದೆಲ್ಲ ಸುತ್ತಿ ಬಳಸಿ ಯಾಕೆ? ಯಾವುದು ಚೆನ್ನಾಗಿ ನಡೀತಿದೆ ಅನ್ನೋದು ಎಲ್ಲರಿಗೂ ಗೊತ್ತು. ದೇವಸ್ಥಾನದ ಹುಂಡಿ ಮಾತ್ರ ಸರ್ಕಾರದ ಕೈಲಿದೆ. ಚರ್ಚು, ಮಸೀದಿನ ಯಾರೂ ಮುಟ್ಟಲ್ಲ. ಇದನ್ನ ಬರೀರಿ ಮೊದಲು.

ದಂಡು_ರಸ್ತೆ

ರಾಯರೇ, ಅವರು ಕೇಳಿದ್ದು ಯಾವುದು ಚೆನ್ನಾಗಿದೆ ಅಂತಲ್ಲ, ಹೇಗೆ ಆರಿಸಬೇಕು ಅಂತ. ಇರಲಿ. ವಕ್ಫ್ ಬೋರ್ಡು ಕೂಡ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಯೇ. ಸಮಿತಿಯನ್ನು ವಜಾ ಮಾಡೋ ಅಧಿಕಾರ ಅದಕ್ಕಿದೆ. ನಿವ್ವಳ ಆದಾಯದಲ್ಲಿ ಶೇ 7 ವಂತಿಗೆ ತಗೋತಿತ್ತು, 2025ರ ತಿದ್ದುಪಡಿಯಲ್ಲಿ ಅದು ಶೇ 5 ಆಯ್ತು. "ಯಾರೂ ಮುಟ್ಟಲ್ಲ" ಅನ್ನೋದು ಚರ್ಚಿಗೆ ಮಾತ್ರ ಒಂದಷ್ಟು ಒಪ್ಪುತ್ತೆ. ಇನ್ನು ಮಠಗಳು, ಮಠಕ್ಕೆ ಸೇರಿದ ದೇವಸ್ಥಾನಗಳು 1997ರ ಕಾಯ್ದೆಯ ಹೊರಗೇ ಇವೆ.

ರಾಜಾಜಿನಗರ_ರಾಯರು

ಚರ್ಚಿಗೆ ಒಪ್ಪುತ್ತೆ ಅಂತ ಒಪ್ಪಿಕೊಂಡಿರಲ್ಲ, ಅಷ್ಟು ಸಾಕು.

ಹಳೇಪೇಟೆ

ಒಂದು ಸಲಹೆ. ಇತಿಹಾಸದ ಕಡೆಯಿಂದ ಆರಿಸಿ. 1947ರವರೆಗೆ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದಲ್ಲಿ. ಮೈಸೂರಿನಲ್ಲಿ ಮುಜರಾಯಿಗೆ 1927ರ ಕಾಯ್ದೆಯೇ ಇತ್ತು. ಹಾಗಾಗಿ ಪೇಟೆಯ ದೇವಸ್ಥಾನ ಅಂದರೆ ಮುಜರಾಯಿ, ದಂಡಿನದು ಅಂದರೆ ಟ್ರಸ್ಟು, ಸಂಘ. ಜೋಡಿ ತಾನಾಗೇ ಸಿಗುತ್ತೆ.

ಕಡತಪ್ರಿಯೆ

@ಹಳೇಪೇಟೆ ಒಳ್ಳೆ ಸುಳಿವು, ಆದರೆ ಗೆರೆ ಅಷ್ಟು ನೇರವಾಗಿಲ್ಲ. ಹಲಸೂರು ಸೋಮೇಶ್ವರ ಇರೋದು ದಂಡಿನ ಕಡೆ, ಆದರೂ ಮುಜರಾಯಿ. ಪೇಟೆಯೊಳಗೆ ಸಮುದಾಯಗಳೇ ನಡೆಸುವ ದೇವಸ್ಥಾನಗಳೂ ಬೇಕಾದಷ್ಟಿವೆ. ಅದೂ ಅಲ್ಲದೆ ಪೇಟೆಯದೊಂದು, ದಂಡಿನದೊಂದು ಇಟ್ಟರೆ ಜೋಡಿಯೊಳಗೆ ಪ್ರದೇಶವೂ ಬದಲಾಗುತ್ತೆ. ಬಾಡಿಗೆ ದರ ಬೇರೆ, ಬಾಡಿಗೆದಾರರೂ ಬೇರೆ. ಜೋಡಿಯ ಎರಡೂ ಒಂದೇ ಕಡೆ ಇರಲಿ.

ತರಗತಿ_ಕೊನೆಬೆಂಚು

ಆರು ಆರಿಸೋದಾದ್ರೆ ಚೀಟಿ ಎತ್ತಿಬಿಡಿ. ರಾಂಡಮ್ ಅಂದಮೇಲೆ ಯಾರೂ ಪಕ್ಷಪಾತ ಅನ್ನೋ ಹಾಗಿಲ್ಲ.

ಕಡತಪ್ರಿಯೆ

ರಾಜ್ಯದಲ್ಲಿ ಮುಜರಾಯಿ ದೇವಸ್ಥಾನಗಳೇ ಸುಮಾರು 34 ಸಾವಿರ. ಬಹುಪಾಲು 5 ಲಕ್ಷಕ್ಕಿಂತ ಕಡಿಮೆ ಆದಾಯದ ಸಿ ಗುಂಪಿನವು. ನೇರವಾಗಿ ಚೀಟಿ ಎತ್ತಿದರೆ ಸರ್ಕಾರ ಕೊಡೋ ತಸ್ತೀಕ್ ಹಣದಲ್ಲಿ ದೀಪ ಹಚ್ಚೋ ಗುಡಿಯೇ ಬರುತ್ತೆ. ಅಲ್ಲಿ ತೀರ್ಮಾನ ಮಾಡೋದಕ್ಕೆ ಆಸ್ತಿಯೇ ಇರಲ್ಲ, ಎಷ್ಟೋ ಕಡೆ ಸಮಿತಿಯೂ ಇರಲ್ಲ. ಆರೇ ಪ್ರಕರಣದಲ್ಲಿ ರಾಂಡಮ್‌ನಿಂದ ಪ್ರಾತಿನಿಧ್ಯ ಬರಲ್ಲ.

ಆದರೆ ನಿಮ್ಮ ಮಾತು ಒಂದು ಕಡೆ ಉಪಯೋಗಕ್ಕೆ ಬರುತ್ತೆ. ಮೊದಲು ಷರತ್ತು ಹಾಕಿ ಜರಡಿ ಹಿಡೀಬೇಕು. ಒಂದು ಖಾನೆಯಲ್ಲಿ ಷರತ್ತಿಗೆ ಹೊಂದುವ ನಾಲ್ಕು ಮಸೀದಿ ಉಳಿದವು ಅಂತಿಟ್ಟುಕೊಳ್ಳಿ, ಆ ನಾಲ್ಕರಲ್ಲಿ ಚೀಟಿ ಎತ್ತಬಹುದು. ಪರಿಚಯದವರು ಇರೋ ಕಡೆಗೇ ಹೋದಿರಿ ಅನ್ನೋ ಆಕ್ಷೇಪಣೆ ಅಲ್ಲಿಗೆ ನಿಲ್ಲುತ್ತೆ.

ಸಿನಾಪ್ಸಿಸ್_ಸುಸ್ತು

ಷರತ್ತು ಅಂದರೆ ಎಂಥವು?

ಕಡತಪ್ರಿಯೆ

ನಿಮ್ಮ ಪ್ರಶ್ನೆ ಆಸ್ತಿ ತೀರ್ಮಾನದ್ದು ಅಂದಿರಲ್ಲ, ಅಲ್ಲಿಂದಲೇ ಹೊರಡಿ. "ಆಡಳಿತ" ಅಂತ ಇಡಿಯಾಗಿ ಹಿಡಿದರೆ ಆರೂ ಕಡೆ ಬೇರೆ ಬೇರೆ ಸಂಗತಿ ನೋಡಿಕೊಂಡು ಬರ್ತೀರಿ. ಎಲ್ಲ ಕಡೆಯೂ ನಡೆಯೋ ಒಂದೇ ತೀರ್ಮಾನ ಹಿಡೀರಿ. ಬೆಂಗಳೂರಿನಲ್ಲಿ ಅದು ಸುಲಭ: ಮಳಿಗೆ ಬಾಡಿಗೆ. ರಸ್ತೆಗೆ ಮುಖ ಮಾಡಿದ ಮಳಿಗೆಗಳು ದೇವಸ್ಥಾನಕ್ಕೂ ಇವೆ, ಚರ್ಚಿಗೂ ಇವೆ, ಮಸೀದಿಗೂ ಇವೆ.

ಒಂದು ಮಳಿಗೆಯ ಬಾಡಿಗೆ ಏರಿಸೋ ವಿಚಾರವನ್ನ ಹಿಂಬಾಲಿಸಿ ನೋಡಿ. ಮುಜರಾಯಿಯಲ್ಲಿ ಸಮಿತಿ ಠರಾವು ಮಾಡುತ್ತೆ, ಕಾರ್ಯನಿರ್ವಹಣಾಧಿಕಾರಿ ಕಡತ ಮಂಡಿಸುತ್ತಾರೆ, ಹರಾಜು, ಮೇಲಿನ ಅನುಮತಿ. ಮಸೀದಿಯಲ್ಲಿ ಸಮಿತಿ ತೀರ್ಮಾನಿಸಿದರೂ 2014ರ ವಕ್ಫ್ ಗುತ್ತಿಗೆ ನಿಯಮಗಳಿವೆ, ಬೋರ್ಡಿನ ಪಾತ್ರವಿದೆ. ಸಿಎಸ್ಐನಲ್ಲಿ ಪಾಸ್ಟರೇಟ್ ಕಮಿಟಿ ಶಿಫಾರಸು ಮಾಡಬಹುದು, ಆದರೆ ಆಸ್ತಿ ಇರೋದು ಸಿಎಸ್ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ. ಅದು 1947ರಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದದ್ದು. ಪತ್ರಕ್ಕೆ ಸಹಿ ಹಾಕೋದು ಅದರ ಪವರ್ ಆಫ್ ಅಟಾರ್ನಿ ಇರುವವರು. ಸಂಘದ ದೇವಸ್ಥಾನದಲ್ಲಿ ಬೈಲಾ ನೋಡಿ ಅಧ್ಯಕ್ಷರು, ಕಾರ್ಯದರ್ಶಿ ಸಹಿ ಹಾಕಿದರೆ ಮುಗೀತು. ಠರಾವಿನ ದಿನದಿಂದ ಹೊಸ ಬಾಡಿಗೆ ರಸೀದಿ ಹರಿಯೋವರೆಗೆ ಎಷ್ಟು ಕೈ, ಎಷ್ಟು ತಿಂಗಳು, ಎಲ್ಲಿ ನಿಂತಿತು, ಯಾರು ಆಕ್ಷೇಪ ಎತ್ತಿದರು. ಆರೂ ಕಡೆ ಇದನ್ನೇ ಅಳೀಬಹುದು.

ಅಲ್ಲಿಂದ ಷರತ್ತು ತಾನಾಗೇ ಬರುತ್ತೆ. ಬಾಡಿಗೆಗೆ ಕೊಟ್ಟ ಮಳಿಗೆ ಕನಿಷ್ಠ ಐದಾದರೂ ಇರಬೇಕು. ಆಯ್ದ ಅವಧಿಯಲ್ಲಿ ಒಂದು ಸಲವಾದರೂ ಬಾಡಿಗೆ ಪರಿಷ್ಕರಣೆ ವಿಷಯ ಸಭೆಗೆ ಬಂದಿರಬೇಕು. ಬಂದಿರಬೇಕು ಅಷ್ಟೆ, ಪಾಸಾಗಿರಬೇಕು ಅಂತ ಷರತ್ತು ಹಾಕಬೇಡಿ.

ಮಾವಳ್ಳಿ_ಮಾತು

ಪಾಸಾಗಿರೋದನ್ನೇ ತಗೊಂಡರೆ ಏನು ತೊಂದ್ರೆ?

ಕಡತಪ್ರಿಯೆ

ಎಲ್ಲಿ ನಿಂತು ಹೋಗುತ್ತೆ ಅನ್ನೋದೇ ಕಾಣಲ್ಲ. ಫಲಿತಾಂಶ ನೋಡಿ ಆರಿಸಿದ ಹಾಗಾಗುತ್ತೆ. ಪತ್ರಿಕೆಯಲ್ಲಿ ಬಂದ ಗಲಾಟೆ, ಕೋರ್ಟ್ ಕೇಸು ನೋಡಿ ಆರಿಸೋದೂ ಇದೇ ಜಾತಿ. ಕಡತ ದಪ್ಪ ಇರುತ್ತೆ, ಓದೋಕೂ ಮಜಾ. ಆದರೆ ಜಗಳವಾದ ಕಡೆಯನ್ನೇ ಆರಿಸಿ "ಸಮಿತಿಗಳಲ್ಲಿ ಜಗಳ ಹೆಚ್ಚು" ಅಂದರೆ ಯಾರು ಒಪ್ತಾರೆ?

ಫ್ರೇಜರ್_ಟೌನ್

ಹಾಗಾದ್ರೆ ನಿಮ್ಮ ಪಟ್ಟಿಯಲ್ಲೇ ಆ ಸಮಸ್ಯೆ ಇದೆ ಮೇಡಂ. ಬೋರ್ಡು ನೇಮಿಸಿದ ಆಡಳಿತಗಾರರಿರೋ ಮಸೀದಿ ಅಂದಿರಿ. ಬೋರ್ಡು ಸುಮ್ಮಸುಮ್ಮನೆ ಆಡಳಿತಗಾರರನ್ನ ಹಾಕಲ್ಲ. ಎರಡು ಬಣ ಹೊಡೆದಾಡಿರಬೇಕು, ಚುನಾವಣೆ ನಿಂತಿರಬೇಕು, ಇಲ್ಲಾ ಲೆಕ್ಕದ ದೂರು ಇರಬೇಕು. ಅಂಥ ಮಸೀದಿಯಲ್ಲಿ ಬಾಡಿಗೆ ವಿಚಾರ ನಿಂತಿದ್ರೆ ಅದು ನೇಮಕದಿಂದ ನಿಂತಿದ್ದಾ, ಹಳೇ ಜಗಳದಿಂದ ನಿಂತಿದ್ದಾ?

ವಕ್ಫ್ ಆಸ್ತಿ ನೋಡಿಕೊಳ್ಳೋ ಮುತವಲ್ಲಿ ವಂಶಪಾರಂಪರ್ಯವಾಗಿ ಬಂದಿರೋ ಮಸೀದಿ ತಗೊಳ್ಳಿ. ಅಲ್ಲೂ ಜಮಾತ್‌ಗೆ ಮತ ಇಲ್ಲ. ಆದರೆ ಅದು ಜಗಳದಿಂದ ಬಂದ ವ್ಯವಸ್ಥೆ ಅಲ್ಲ, ಮೊದಲಿನಿಂದ ನಡೆದುಕೊಂಡು ಬಂದದ್ದು. ಅದೇ ವಕ್ಫ್ ಕಾಯ್ದೆ, ಅದೇ ಬೋರ್ಡು, ಅದೇ ಗುತ್ತಿಗೆ ನಿಯಮ.

ಕಡತಪ್ರಿಯೆ

ಸರಿಯಾದ ಮಾತು. ಹಾಗಾದ್ರೆ ಖಾನೆಯ ಹೆಸರನ್ನೂ ಬದಲಿಸಬೇಕು. "ಮೇಲಿನಿಂದ ನೇಮಕ" ಅನ್ನೋದು ಮುತವಲ್ಲಿಗೆ ಹೊಂದಲ್ಲ. "ಸದಸ್ಯರಿಗೆ ಮತವಿದೆ, ಸದಸ್ಯರಿಗೆ ಮತವಿಲ್ಲ" ಅಂತ ಎರಡು ಖಾನೆ ಮಾಡಿದರೆ ಆರೂ ಕೂರುತ್ತವೆ. ಪ್ರಶ್ನೆಯೂ ಚೊಕ್ಕಟವಾಗುತ್ತೆ.

ಇನ್ನೊಂದು ಲಾಭ. ಮಸೀದಿ ಜೋಡಿಯಲ್ಲಿ ಕಾನೂನು ಒಂದೇ, ಮತ ಮಾತ್ರ ಬೇರೆ. ದೇವಸ್ಥಾನದ ಜೋಡಿಯಲ್ಲಿ ಮತದ ಜೊತೆ ಕಾನೂನೂ ಬದಲಾಗುತ್ತೆ, ಚರ್ಚಿನ ಜೋಡಿಯಲ್ಲಿ ಪಂಥವೂ ಬದಲಾಗುತ್ತೆ. ಇದನ್ನ ಮುಚ್ಚಿಡಬೇಡಿ. ಮಸೀದಿ ಜೋಡಿಯ ಮೇಲೆ ಹೆಚ್ಚು ಭಾರ ಹಾಕ್ತೀನಿ, ಉಳಿದೆರಡು ಅದನ್ನ ಪರೀಕ್ಷಿಸೋಕೆ ಅಂತ ಬರೀರಿ.

ದಂಡು_ರಸ್ತೆ

ಚರ್ಚಿನ ಜೋಡಿ ಬಗ್ಗೆ ನನಗೆ ಸಮಾಧಾನ ಇಲ್ಲ. ಸಿಎಸ್ಐನಲ್ಲಿ ಮತ ಇದೆ, ನಿಜ. ಆದರೆ ಮಳಿಗೆ ವಿಚಾರದಲ್ಲಿ ಮತ ಹಾಕಿ ಗೆದ್ದವರ ಕೈಲಿ ಸಹಿಯೇ ಇಲ್ಲ ಅಂತ ನೀವೇ ಹೇಳಿದಿರಿ. ಕ್ಯಾಥೊಲಿಕ್ ಕಡೆಯೂ ದೊಡ್ಡ ಆಸ್ತಿ ವ್ಯವಹಾರಕ್ಕೆ ಮಹಾಧರ್ಮಾಧ್ಯಕ್ಷರ ಕಡೆಯಿಂದ ಲಿಖಿತ ಒಪ್ಪಿಗೆ ಬೇಕು. ಹಾಗಾದ್ರೆ ಎರಡೂ ಒಂದೇ ಆಯ್ತಲ್ಲ? ಸ್ವತಂತ್ರ ಪೆಂಟೆಕೋಸ್ಟಲ್ ಸಭೆ ಒಂದನ್ನ ತಗೊಂಡರೆ ಹೇಗೆ, ಆಸ್ತಿಯೂ ಅವರದೇ ಟ್ರಸ್ಟಿನಲ್ಲಿ ಇರುತ್ತೆ.

ಕಡತಪ್ರಿಯೆ

ಟ್ರಸ್ಟಿನಲ್ಲಿ ಇರುತ್ತೆ, ಆದರೆ ಬಹಳ ಕಡೆ ಪಾಸ್ಟರ್ ಕುಟುಂಬವೇ ಟ್ರಸ್ಟಿಗಳು. ಅಲ್ಲಿ ಮತವಿಲ್ಲ. ಮಳಿಗೆಯೂ ಇರೋದು ಅಪರೂಪ, ಸಭೆಯೇ ಬಾಡಿಗೆ ಹಾಲ್‌ನಲ್ಲಿ ಸೇರ್ತಿರುತ್ತೆ. ಸಿಎಸ್ಐನಲ್ಲಿ ಮತ ಇದ್ದೂ ಸಹಿ ಇಲ್ಲ ಅನ್ನೋದೇ ನನಗೆ ಸ್ವಾರಸ್ಯ. ಮತಕ್ಕೆ ಬಲ ಬರೋದು ಆಸ್ತಿಯ ಹಕ್ಕು ಕೈಲಿದ್ದಾಗ ಮಾತ್ರವಾ ಅನ್ನೋದು ಅಲ್ಲಿ ಕಾಣಬಹುದು.

ದಂಡು_ರಸ್ತೆ

ಅದು ಬೇರೆಯೇ ಪ್ರಶ್ನೆ. ಎರಡು ಪ್ರಶ್ನೆಗೆ ಆರು ಪ್ರಕರಣ ಸಾಲಲ್ಲ. ನಾನು ಒಪ್ಪಲ್ಲ.

ವಿಜಯನಗರ_ವಿನಾಯಕ

ನಮ್ಮ ಲೇಔಟ್ ಪಾರ್ಕ್ ಪಕ್ಕ ಗಣಪತಿ ದೇವಸ್ಥಾನ ಇದೆ. ನಿವಾಸಿಗಳ ಸಂಘದ್ದೇ, ಪ್ರತಿ ವರ್ಷ ಚುನಾವಣೆ. ಸೇರಿಸಿಕೊಳ್ತೀರಾ? ಲೆಕ್ಕಪತ್ರ ಎಲ್ಲ ಪಕ್ಕಾ. ಜಾಗ ನಾಗರಿಕ ಸೌಲಭ್ಯಕ್ಕೆ ಮೀಸಲಾದ ಸಿ.ಎ. ಸೈಟು ಅಂತ ಒಂದು ತಕರಾರು ಇದೆ ಅಷ್ಟೆ.

ಮಾವಳ್ಳಿ_ಮಾತು

"ಅಷ್ಟೆ" 😄

ಕಡತಪ್ರಿಯೆ

@ವಿಜಯನಗರ_ವಿನಾಯಕ ಮಳಿಗೆ ಇದೆಯಾ ಸಾರ್? ಇಲ್ಲದಿದ್ದರೆ ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತೆ. ಆದರೂ ನಿಮ್ಮದು ಒಂದು ಮುಖ್ಯ ತೊಡಕು ತೋರಿಸುತ್ತೆ. ಮುಜರಾಯಿಗೆ ತಾಲ್ಲೂಕುವಾರು ಪಟ್ಟಿ ಇದೆ. ವಕ್ಫ್‌ಗೆ ಗೆಜೆಟ್ ಪಟ್ಟಿ ಇದೆ. ಚರ್ಚುಗಳದು ಡಯಾಸಿಸ್ ಡೈರೆಕ್ಟರಿಯಲ್ಲಿ ಸಿಗುತ್ತೆ. ಸಂಘದ ದೇವಸ್ಥಾನಗಳಿಗೆ ಮಾತ್ರ ಅಂಥ ಪಟ್ಟಿ ಇಲ್ಲ. ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಸಂಘದ ಹೆಸರಿರುತ್ತೆ, ಅದು ದೇವಸ್ಥಾನ ನಡೆಸುತ್ತೋ ಚೆಸ್ ಕ್ಲಬ್ ನಡೆಸುತ್ತೋ ಹೆಸರಿಂದ ಗೊತ್ತಾಗಲ್ಲ.

ಹಾಗಾಗಿ ಆ ಒಂದು ಖಾನೆಗೆ ಪಟ್ಟಿಯನ್ನ ನೀವೇ ಮಾಡ್ಕೋಬೇಕು. ನಾಲ್ಕೈದು ವಾರ್ಡ್ ಗೊತ್ತುಮಾಡಿ, ಕಾಲ್ನಡಿಗೆಯಲ್ಲಿ ಸುತ್ತಿ, ಬೋರ್ಡಿನ ಮೇಲಿರೋ ನೋಂದಣಿ ಸಂಖ್ಯೆ ಬರ್ಕೊಂಡು ಕಚೇರಿಯಲ್ಲಿ ತಾಳೆ ನೋಡಬೇಕು. ವಾರ್ಡ್ ಗಡಿ ಹಳೆಯ ಬಿಬಿಎಂಪಿಯ 198 ವಾರ್ಡಿನದೇ ಇರಲಿ. ಈಗ ಐದು ಪಾಲಿಕೆ ಆಗಿರೋದನ್ನ ಬೆರೆಸಿದರೆ ಗೊಂದಲ.

ಫ್ರೇಜರ್_ಟೌನ್

ಅವಧಿಯನ್ನೂ ಕಟ್ಟಿಹಾಕಿ. 2025ರ ಏಪ್ರಿಲ್ 8ರಿಂದ ವಕ್ಫ್ ತಿದ್ದುಪಡಿ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶವೂ ಬಂತು. ಅದಾದ ಮೇಲಿನ ನಡವಳಿ ಪುಸ್ತಕ ತೆಗೆದರೆ ಮಸೀದಿ ಸಮಿತಿಗಳು ಕೇಂದ್ರದ ವಕ್ಫ್ ಪೋರ್ಟಲ್‌ಗೆ ದಾಖಲೆ ಹಾಕೋದರಲ್ಲೇ ಮುಳುಗಿರೋದು ಕಾಣುತ್ತೆ. ಏಪ್ರಿಲ್ 2021ರಿಂದ ಮಾರ್ಚ್ 2025ರವರೆಗೆ ನಾಲ್ಕು ಹಣಕಾಸು ವರ್ಷ ಇಟ್ಟರೆ ಅದು ಹೊರಗುಳಿಯುತ್ತೆ.

ಕಡತಪ್ರಿಯೆ

ಚೆನ್ನಾಗಿದೆ. ಮುಜರಾಯಿ ಸಮಿತಿಯ ಮೂರು ವರ್ಷದ ಅವಧಿಗೂ ಅದರಲ್ಲಿ ಜಾಗ ಇದೆ. ಆದರೆ ಒಂದು ಹುಷಾರು. ಕಾಗದದ ಮೇಲೆ ಸಮಿತಿ ಇರುತ್ತೆ, ಅವಧಿ ಮುಗಿದು ಹೊಸದು ಆಗದೆ ಆಡಳಿತಾಧಿಕಾರಿಯೋ ತಹಶೀಲ್ದಾರರೋ ನಡೆಸ್ತಿರ್ತಾರೆ. ನೇಮಕಾತಿ ಆದೇಶದ ಪ್ರತಿ ಕೇಳಿ, ನಡವಳಿ ಪುಸ್ತಕದಲ್ಲಿ ಸಹಿ ಯಾರದು ನೋಡಿ. ಒಂಬತ್ತು ಸಹಿಯ ಜಾಗದಲ್ಲಿ ಎರಡೂವರೆ ವರ್ಷ ಒಂದೇ ಸಹಿ, ಕೆಳಗೆ ಕಚೇರಿ ಮೊಹರು ಇದ್ದರೆ ಅಲ್ಲಿ ನೀವು ಅಧ್ಯಯನ ಮಾಡಬೇಕಾದ ಸಮಿತಿಯೇ ಇಲ್ಲ. ಎ ಗುಂಪು ಅಂತ ಖುಷಿಪಟ್ಟು ಹೋಗಿ ಕೊನೆಗೆ ಗೊತ್ತಾದರೆ ಕಷ್ಟ.

ಹಳೇಪೇಟೆ

ಬಾಬಾಬುಡನ್‌ಗಿರಿ ತಗೊಂಡ್ರೆ? ಮುಜರಾಯಿಯೋ ವಕ್ಫೋ ಅನ್ನೋದಕ್ಕೇ ಕೋರ್ಟಿಗೆ ಹೋಗಿದ್ದು. ಎರಡೂ ಒಂದರಲ್ಲೇ ಸಿಗುತ್ತೆ.

ಮಾವಳ್ಳಿ_ಮಾತು

ಅಣ್ಣಾ, ವಿಷಯ ಬೆಂಗಳೂರು.

ಸಿನಾಪ್ಸಿಸ್_ಸುಸ್ತು

ಎಲ್ಲ ಬರ್ಕೊಂಡೆ. ಎರಡು ಸಂದೇಹ ಇವೆ. ಪ್ರಕರಣದ ಗಡಿ ಎಲ್ಲಿ ಅಂತ ಒಂದು. ಪಾಸ್ಟರೇಟ್ ಅಂದರೆ ಕೆಲವು ಕಡೆ ಎರಡು ಮೂರು ಚರ್ಚು ಸೇರಿರುತ್ತೆ, ಮಸೀದಿ ಸಮಿತಿ ಖಬರಸ್ತಾನ್, ಮದರಸಾ ಎಲ್ಲ ನೋಡ್ಕೊಳ್ಳುತ್ತೆ. ಇನ್ನೊಂದು, ದಾಖಲೆ. ಮುಜರಾಯಿ, ವಕ್ಫ್ ಬೋರ್ಡಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, ಚರ್ಚಿಗೆ ಆಗಲ್ಲ.

ಕಡತಪ್ರಿಯೆ

ಗಡಿ ಕಟ್ಟಡದಲ್ಲಿಲ್ಲ, ನಡವಳಿ ಪುಸ್ತಕದಲ್ಲಿದೆ. ಒಂದು ಪುಸ್ತಕ, ಒಂದು ಸಮಿತಿ, ಒಂದು ಪ್ರಕರಣ. ಅದರಡಿ ಎರಡು ಚರ್ಚಿದ್ದರೂ ಮಳಿಗೆ ತೀರ್ಮಾನ ಒಂದೇ ಕಡೆ ಆಗುತ್ತಲ್ಲ.

ದಾಖಲೆ ವಿಚಾರಕ್ಕೆ, ಎಲ್ಲ ಕಡೆ ಸಿಗೋ ಕನಿಷ್ಠ ಕಟ್ಟು ಯಾವುದು ಅಂತ ಮೊದಲೇ ತೀರ್ಮಾನಿಸಿ: ಬೈಲಾ ಅಥವಾ ಅದಕ್ಕೆ ಸಮನಾದ ನಿಯಮ, ನಾಲ್ಕು ವರ್ಷದ ನಡವಳಿ, ಲೆಕ್ಕ ಪರಿಶೋಧನಾ ವರದಿ, ಬಾಡಿಗೆ ರಿಜಿಸ್ಟರ್. ಹೋಲಿಕೆ ಇದರ ಮೇಲೆ ಮಾತ್ರ. ಮಾಹಿತಿ ಹಕ್ಕಿನಲ್ಲಿ ಸಿಕ್ಕ ಹೆಚ್ಚಿನ ಕಾಗದ ಹಿನ್ನೆಲೆಗೆ ಇರಲಿ. ಇಲ್ಲದಿದ್ದರೆ ಕಾಗದ ಹೆಚ್ಚು ಸಿಕ್ಕ ಕಡೆ ತಪ್ಪೂ ಹೆಚ್ಚು ಕಾಣುತ್ತೆ, ದೇವಸ್ಥಾನ, ಮಸೀದಿ ಕೆಟ್ಟದಾಗಿ, ಚರ್ಚು ನೀಟಾಗಿ ಕಾಣುತ್ತೆ.

ಜರಡಿಯಲ್ಲಿ ಬಿದ್ದವನ್ನೂ ಅನುಬಂಧದಲ್ಲಿ ಹಾಕಿ. ಹೆಸರು ಬೇಡ, ಸಂಕೇತ ಸಾಕು: ಮಳಿಗೆ ಇಲ್ಲ, ಸಮಿತಿ ಖಾಲಿ, ಅನುಮತಿ ಕೊಡಲಿಲ್ಲ. "ಅನುಮತಿ ಕೊಡಲಿಲ್ಲ" ಒಂದೇ ಖಾನೆಯಲ್ಲಿ ತುಂಬಾ ಬಂದರೆ ಅದನ್ನ ಅಲ್ಲೇ ಒಪ್ಪಿಕೊಳ್ಳಿ, ಒಳಗೆ ಬಿಟ್ಟವರು ಲೆಕ್ಕ ಸರಿ ಇಟ್ಟವರೇ ಇರಬಹುದು. ಪ್ರತಿ ಖಾನೆಗೂ ಎರಡನೇ ಆಯ್ಕೆ ಇಟ್ಟುಕೊಂಡಿರಿ. ಮುತವಲ್ಲಿ ಬದಲಾದರು, ಸಭಾಪಾಲಕರಿಗೆ ವರ್ಗ ಆಯ್ತು ಅಂದರೆ ಕೊಟ್ಟ ಅನುಮತಿಯೂ ಹೋಗುತ್ತೆ.

ತರಗತಿ_ಕೊನೆಬೆಂಚು

ಆರು ಕಡೆ ನಾಲ್ಕು ವರ್ಷದ ನಡವಳಿ, ಒಬ್ಬರೇ ಓದೋದು? ಮಸೀದಿಯದು ಉರ್ದುವಿನಲ್ಲಿ ಇರುತ್ತೆ, ದಂಡಿನ ಚರ್ಚಿನದು ಇಂಗ್ಲಿಷ್ ಇಲ್ಲಾ ತಮಿಳು. ನಾಲ್ಕಕ್ಕೆ ಇಳಿಸಿ. ಚರ್ಚಿನ ಜೋಡಿ ಬಿಟ್ಟುಬಿಡಿ, ಹೇಗಿದ್ರೂ ಅದು ನೆಟ್ಟಗಿಲ್ಲ ಅಂತ ಮೇಲೇ ಒಪ್ಪಿದ್ದೀರಿ.

ಕಡತಪ್ರಿಯೆ

ನೆಟ್ಟಗಿಲ್ಲ ಅಂದೆ, ಬೇಡ ಅನ್ನಲಿಲ್ಲ. ಚರ್ಚು ಬಿಟ್ಟರೆ ಸರ್ಕಾರದ ಕಾಯ್ದೆಯಿಲ್ಲದ ಕಡೆ ಏನಾಗುತ್ತೆ ಅನ್ನೋದಕ್ಕೆ ಸಂಘದ ದೇವಸ್ಥಾನ ಒಂದೇ ಉಳಿಯುತ್ತೆ, ಅದಕ್ಕೂ ಸಂಘಗಳ ಕಾಯ್ದೆ ಇದೆ.

ದಂಡು_ರಸ್ತೆ

ಈ ಒಂದರಲ್ಲಿ ನಾನು ಕೊನೆಬೆಂಚಿನ ಕಡೆ. ಶೀರ್ಷಿಕೆಯಿಂದಲೂ ಚರ್ಚ್ ತೆಗೀಬೇಕಾಗುತ್ತೆ, ತೆಗೀಲಿ.

ಸಿನಾಪ್ಸಿಸ್_ಸುಸ್ತು

ಶೀರ್ಷಿಕೆ ಬದಲಿಸೋಕೆ ಮತ್ತೆ ಅರ್ಜಿ, ಶುಲ್ಕ, ಸಭೆ. ಸದ್ಯಕ್ಕೆ ಆರು ಅಂತಲೇ ಬರೀತೀನಿ. ಮಸೀದಿ ಜೋಡಿಯಿಂದ ಶುರು ಮಾಡ್ತೀನಿ. ವಂಶಪಾರಂಪರ್ಯ ಮುತವಲ್ಲಿ ಇರೋ, ಮಳಿಗೆಯೂ ಇರೋ ಮಸೀದಿಗಳನ್ನ ಬೋರ್ಡಿನ ಪಟ್ಟಿಯಲ್ಲಿ ಗುರುತಿಸೋದು ಹೇಗೆ ಅಂತ ಯಾರಾದ್ರೂ ಹೇಳ್ತೀರಾ?

ಫ್ರೇಜರ್_ಟೌನ್

ಪಟ್ಟಿಯಲ್ಲಿ ನೇರವಾಗಿ ಇರಲ್ಲ. ನೋಂದಣಿ ರಿಜಿಸ್ಟರಿನಲ್ಲಿ ಮುತವಲ್ಲಿ ಯಾರು, ಉತ್ತರಾಧಿಕಾರ ಹೇಗೆ ಅನ್ನೋ ವಿವರ ಇರುತ್ತೆ, ಆಸ್ತಿ ವಿವರವೂ ಅಲ್ಲೇ. ನಕಲು ಕೇಳಿ ಅರ್ಜಿ ಹಾಕಿ. ಜಿಲ್ಲಾ ಕಚೇರಿಯಲ್ಲಿ ಮೊದಲು ವಿಚಾರಿಸಿ, ಎಲ್ಲ ರಿಜಿಸ್ಟರೂ ಒಂದೇ ಕಡೆ ಇರಲ್ಲ.